ಬಯೋದಲ್ಲಿ ಗುಟ್ಟಿನ ಅಂಕಿ ಬರೆಯುವುದು ಹೇಗೆ?

ಬಯೋದಲ್ಲಿ, ಅಂದರೆ ನಿಮ್ಮ ಕೆಲಸದ ಕಿರು ಪರಿಚಯದಲ್ಲಿ, ಅಂಕಿ ಬೇಕು ಅಂತಾರೆ, ಆದರೆ ಕಂಪನಿಯ ಲೆಕ್ಕ ಹೊರಗೆ ಹೇಳುವಂತಿಲ್ಲ. ಆಗ ಮೊತ್ತ ಬಿಟ್ಟು ಅನುಪಾತ ಬರೆಯಿರಿ.

ಒಂದು ಉದಾಹರಣೆ ನೋಡೋಣ. ನೀವು ಗೋದಾಮು ನೋಡಿಕೊಳ್ಳುತ್ತೀರಿ. ಆರ್ಡರ್ ಬಂದು ಪಾರ್ಸೆಲ್ ಹೊರಡಲು ಮೊದಲು 41 ಗಂಟೆ ಹಿಡಿಯುತ್ತಿತ್ತು, ಈಗ 27 ಗಂಟೆ. ಅಂದರೆ ಶೇ. 34ರಷ್ಟು ಇಳಿಕೆ. ಬಯೋದಲ್ಲಿ ಹೀಗೆ ಬರೆಯಬಹುದು: "ಒಂದು ವರ್ಷದಲ್ಲಿ, ಎಂಟು ಜನರ ತಂಡದ ಜೊತೆ, ಪಾರ್ಸೆಲ್ ಹೊರಡುವ ಸಮಯವನ್ನು ಸುಮಾರು ಮೂರನೇ ಒಂದು ಭಾಗ ಇಳಿಸಿದೆ." ಅವಧಿ ಮತ್ತು ತಂಡ ಎರಡನ್ನೂ ಬಿಡಬೇಡಿ. ಬಿಟ್ಟರೆ ಎಲ್ಲವನ್ನೂ ನೀವೊಬ್ಬರೇ ಮಾಡಿದಂತೆ ಕಾಣುತ್ತದೆ.

ಜನ ಜಾಸ್ತಿ ಎಡವುವುದು ಇಲ್ಲಿ: "14 ಗಂಟೆ, ಅಂದರೆ ಶೇ. 34 ಉಳಿಸಿದೆ" ಅಂತ ಎರಡನ್ನೂ ಬರೆದುಬಿಡುತ್ತಾರೆ. 14ನ್ನು 0.34ರಿಂದ ಭಾಗಿಸಿದರೆ 41 ಸಿಕ್ಕಿಬಿಡುತ್ತದೆ, ಗುಟ್ಟು ರಟ್ಟು! ಎರಡರಲ್ಲಿ ಒಂದನ್ನು ಮಾತ್ರ ಕೊಡಿ. ಲಿಂಕ್ಡ್‌ಇನ್‌ನಲ್ಲಿ ಒಂದು, ರೆಸ್ಯೂಮೆಯಲ್ಲಿ ಇನ್ನೊಂದು ಬರೆದರೂ ಅದೇ ಕಥೆ.

ಇನ್ನೊಂದು, ನಮ್ಮ ಭಾಷೆಯದ್ದೇ ತೊಡಕು. ಗ್ರಾಹಕರು 1.1 ಲಕ್ಷ ಇದ್ದರೆ "ಲಕ್ಷಾಂತರ" ಅನ್ನಬೇಡಿ. ಓದುವವರ ತಲೆಗೆ ಹಲವು ಲಕ್ಷ ಬರುತ್ತದೆ, ಅಲ್ವಾ? "ಒಂದು ಲಕ್ಷಕ್ಕೂ ಹೆಚ್ಚು" ಸರಿ. ದುಂಡಾಗಿಸುವಾಗ ಯಾವಾಗಲೂ ಕೆಳಗೆ ಬನ್ನಿ: ಶೇ. 27 ಇದ್ದರೆ "ಕಾಲು ಭಾಗಕ್ಕಿಂತ ಹೆಚ್ಚು", ಶೇ. 30 ಅಲ್ಲ.

ಕೆಲವು ಕಡೆ ಶೇಕಡಾ ಕೂಡ ಗುಟ್ಟೇ. ಹಾಕುವ ಮೊದಲು ಆ ಸಾಲನ್ನು ಮ್ಯಾನೇಜರ್‌ಗೆ ಇಮೇಲ್ ಮಾಡಿ, ಒಪ್ಪಿಗೆ ಬರಹದಲ್ಲಿ ಪಡೆಯಿರಿ.