ವಾರಕ್ಕೆ 40 ಚೀಲದ ಚಿಪ್ಪು ಅಣಬೆ: ಕಾಗದದ ಲೆಕ್ಕ, ಕೈಗೆ ಬರುವ ಲೆಕ್ಕ

ಚಿಪ್ಪು ಅಣಬೆಯ ತರಬೇತಿಗೆ ಹೋದವರೆಲ್ಲ ಒಂದು ಮಾತು ಬರೆದುಕೊಂಡು ಬರುತ್ತಾರೆ: ಒಂದು ಕೆಜಿ ಒಣ ಹುಲ್ಲಿಗೆ ಹತ್ತಿರ ಹತ್ತಿರ ಒಂದು ಕೆಜಿ ಅಣಬೆ. ಮಾತು ಸುಳ್ಳಲ್ಲ. ಒಳ್ಳೆಯ ಬೀಜ, ಹೊಸ ಹುಲ್ಲು, ತಂಪು ಹವೆ ಮೂರೂ ಕೂಡಿದ ವಾರದಲ್ಲಿ ನನ್ನ ಶೆಡ್ಡಿನಲ್ಲೂ ಅಷ್ಟು ಬಂದಿದೆ. ಆದರೆ ಅದನ್ನೇ 52 ವಾರಕ್ಕೆ ಗುಣಿಸಿ ಸಾಲದ ಅರ್ಜಿಗೆ ಲಗತ್ತಿಸಿದರೆ ಲೆಕ್ಕ ಅಲ್ಲೇ ಕೆಟ್ಟಿತು. ತುಮಕೂರಿನ ಕಡೆಯ ಬಯಲುಸೀಮೆ ಹವೆಗೆ ನಾನು ಯೋಜನೆ ಹಾಕುವ ಬಗೆ ಇದು. ಮಲೆನಾಡಿಗೋ ಕರಾವಳಿಗೋ ತಿಂಗಳುಗಳು ಬದಲಾಗುತ್ತವೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಮೊದಲು ಅಳತೆ. ಒಂದು ಚೀಲಕ್ಕೆ ಒಂದು ಕೆಜಿ ಒಣ ಬತ್ತದ ಹುಲ್ಲು. ಎರಡು ಅಂಗುಲಕ್ಕೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಬಸಿದು, ಡ್ರಮ್ಮಿನಲ್ಲಿ ಆವಿ ಕಟ್ಟಿಸಿ ಒಂದೂವರೆ ಗಂಟೆ ಬೇಯಿಸಿ ಆರಿಸಿದರೆ ಅದು ಮೂರು ಕೆಜಿಯ ಸುಮಾರಿಗೆ ಬರುತ್ತದೆ. ತುಂಬುವ ಮುನ್ನ ಒಂದು ಹಿಡಿ ಹುಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ ನೋಡುತ್ತೇನೆ. ಅಂಗೈ ಒದ್ದೆಯಾಗಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಇನ್ನೊಂದು ಗಂಟೆ ಹರಡಬೇಕು. ಆತುರಕ್ಕೆ ತುಂಬಿದ ಚೀಲದ ತಳದಲ್ಲಿ ಹತ್ತೇ ದಿನಕ್ಕೆ ಹಳದಿ ನೀರು ನಿಂತು ಹುಳಿ ವಾಸನೆ ಬರುತ್ತದೆ, ಬೀಜದಿಂದ ಹರಡಿ ಅಣಬೆ ಕೊಡುವ ಬಿಳಿ ಬೂಸು ಅಲ್ಲಿಗೆ ಇಳಿಯುವುದೇ ಇಲ್ಲ. ಬೀಜ ಒದ್ದೆ ಹುಲ್ಲಿನ ತೂಕಕ್ಕೆ ನೂರಕ್ಕೆ ನಾಲ್ಕು, ಅಂದರೆ ಚೀಲಕ್ಕೆ 120 ಗ್ರಾಂ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜ ಸಿಗುತ್ತದೆ. ಮುಂಚಿತವಾಗಿ ಹೇಳಿಟ್ಟು, ತಂದ ಬೀಜವನ್ನು ತಿಂಗಳೊಳಗೆ ಬಳಸಿ ಮುಗಿಸಬೇಕು.

ವಾರಕ್ಕೆ 40 ಚೀಲ, ಅದೂ ಒಂದೇ ದಿನ ಅಲ್ಲ, ಸೋಮವಾರ 20, ಗುರುವಾರ 20. ಒಂದೇ ದಿನ ತುಂಬಿದ ಚೀಲಗಳು ಒಟ್ಟಿಗೇ ಬಿರಿಯುತ್ತವೆ. ಒಂದು ದಿನ 15 ಕೆಜಿ ಕೈಯಲ್ಲಿ, ಆಮೇಲೆ ನಾಲ್ಕು ದಿನ ಅಂಗಡಿಯವನಿಗೆ "ನಾಳೆ ಬಾ" ಅನ್ನುವ ಪಾಡು. ಬೂಸು ಹರಡಲು 18ರಿಂದ 20 ದಿನ, ಆಮೇಲೆ ಕೊಯ್ಲಿನ ಕೋಣೆಯಲ್ಲಿ ಐದು ವಾರ. ಅಂದರೆ ಯಾವತ್ತೂ 120 ಚೀಲ ಕತ್ತಲೆ ಕೋಣೆಯಲ್ಲಿ, 200 ಚೀಲ ಕೊಯ್ಲಿನ ಕೋಣೆಯಲ್ಲಿ ಇರುತ್ತವೆ. ನಾಲ್ಕು ಚೀಲಕ್ಕೆ ಒಂದು ಹಗ್ಗ, ಹಗ್ಗಗಳ ನಡುವೆ ಎರಡಡಿ, ಓಡಾಡಲು ದಾರಿ. ಕೊಯ್ಲಿಗೆ 12×24 ಅಡಿಯ ಕೋಣೆ ಸಾಕು.

ಇನ್ನು ಇಳುವರಿ. ಒಂದು ಚೀಲದಿಂದ ಮೂರು ಕೊಯ್ಲು. ಮಳೆಗಾಲದ ಒಳ್ಳೆಯ ಚೀಲದಲ್ಲಿ ಮೊದಲ ಕೊಯ್ಲು 380 ಗ್ರಾಂ, ಎರಡನೆಯದು 220, ಮೂರನೆಯದು 100. ಒಟ್ಟು 700 ಗ್ರಾಂ. ಯೋಜನೆಗೆ ಇದೇ ಮೇಲ್ಮಿತಿ, ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿಗೆ 600 ಗ್ರಾಂ. ರಾತ್ರಿ ಚಳಿಗೆ ಮೊಗ್ಗು ನಿಧಾನ, ಜನವರಿಯಿಂದಾಚೆಗೆ ಒಣ ಗಾಳಿಗೆ ಕೊಡೆಯ ಅಂಚು ಬಿರುಕು ಬಿಡುತ್ತದೆ. ಗೋಣಿ ತಾಟಿಗೆ ಎಷ್ಟು ಸಲ ನೀರು ಹೊಡೆದರೂ ಮಧ್ಯಾಹ್ನದ ಹೊತ್ತಿಗೆ ಗಾಳಿಯ ತೇವ ನೂರಕ್ಕೆ 80ರ ಕೆಳಗೆ ಜಾರುತ್ತದೆ. ಮಾರ್ಚ್‌ನಿಂದ ಮೇವರೆಗೆ 350 ಗ್ರಾಂ ಬಂದರೆ ಪುಣ್ಯ. ಈ ಅಣಬೆಗೆ 20ರಿಂದ 28 ಡಿಗ್ರಿ ಹಿತ. ಬೂಸು ಹರಡುವ ಚೀಲದ ಒಳಗೆ ಕೋಣೆಗಿಂತ ಎರಡು ಮೂರು ಡಿಗ್ರಿ ಹೆಚ್ಚೇ ಇರುತ್ತದೆ ಅನ್ನುವುದನ್ನು ಮರೆತು ಕೋಣೆಯ ಥರ್ಮಾಮೀಟರ್ ನೋಡಿ ಸಮಾಧಾನಪಡುವವರೇ ಹೆಚ್ಚು.

ಇದರಲ್ಲಿ ಎರಡು ಕಡಿತ. ಒಂದು, ಕೆಟ್ಟ ಚೀಲ: ಮಳೆಗಾಲದಲ್ಲಿ ನೂರಕ್ಕೆ 8, ಚಳಿಗಾಲದಲ್ಲಿ 4, ಬೇಸಿಗೆಯಲ್ಲಿ 15. ಇನ್ನೊಂದು, ಕೊಯ್ದಿದ್ದರಲ್ಲಿ ನೂರಕ್ಕೆ ಹತ್ತು ಮಾರಾಟಕ್ಕಿಲ್ಲ: ಹರಿದದ್ದು, ಅಂಚು ಒಣಗಿದ್ದು, ವಾಪಸು ಬಂದದ್ದು. ಈಗ ಗುಣಿಸಿ. ಮಳೆಗಾಲದ ವಾರಕ್ಕೆ 23 ಕೆಜಿ, ಚಳಿಗಾಲದ ವಾರಕ್ಕೆ 21, ಬೇಸಿಗೆಯ ವಾರಕ್ಕೆ 11. ಜೂನ್‌ನಿಂದ ಅಕ್ಟೋಬರ್ 22 ವಾರ, ಆಮೇಲೆ 17, ಕೊನೆಗೆ 13. ವರ್ಷಕ್ಕೆ 506, 357, 143. ಎಲ್ಲ ಕೂಡಿ 1006 ಕೆಜಿ. ಕಾಗದದ ಲೆಕ್ಕ 2080 ಕೆಜಿ ಹೇಳಿತ್ತು.

ಖರ್ಚು ನನ್ನ ಪುಸ್ತಕದ ದರದಲ್ಲಿ ಹೀಗಿದೆ, ನಿಮ್ಮೂರಿನ ದರ ಹಾಕಿಕೊಳ್ಳಿ. ಉದುರು ಸೇರಿ ಹುಲ್ಲು 11 ರೂಪಾಯಿ, ಬೀಜ 13, ಚೀಲ 4, ಸೌದೆ, ದಾರ, ಹತ್ತಿ 6. ಚೀಲಕ್ಕೆ 34. ತುಂಬುವ ಎರಡು ದಿನ ಒಬ್ಬ ಆಳು, ವಾರಕ್ಕೆ 1000. ಪ್ಯಾಕಿಂಗ್ ಕೆಜಿಗೆ ಹನ್ನೆರಡೂವರೆ. ಮಾರುವ ಬೆಲೆ, ಅಂಗಡಿಗೆ ಕೊಟ್ಟದ್ದು ಮನೆಗೆ ಕೊಟ್ಟದ್ದು ಸರಾಸರಿ ಹಿಡಿದು, ಕೆಜಿಗೆ 180.

ಈಗ ಬೇಸಿಗೆಯ 13 ವಾರವನ್ನು ಮಾತ್ರ ಬಿಡಿಸಿ ನೋಡಿ. 143 ಕೆಜಿಗೆ ಬರುವುದು 25,740 ರೂಪಾಯಿ. 520 ಚೀಲಕ್ಕೆ ಹೋಗುವುದು 17,680, ಆಳಿಗೆ 13,000. ಪ್ಯಾಕಿಂಗು, ಕರೆಂಟು, ಪೆಟ್ರೋಲು ಸೇರಿಸುವ ಮೊದಲೇ ಐದು ಸಾವಿರ ಕೈಬಿಟ್ಟಿತು. ವರ್ಷಪೂರ್ತಿ ಮಾಡುತ್ತೇನೆ ಅನ್ನುವವನು ಆ ಮೂರು ತಿಂಗಳು ತನ್ನ ಕೈಯಿಂದ ದುಡ್ಡು ಹಾಕಿ ಅಣಬೆ ಹಂಚುತ್ತಿರುತ್ತಾನೆ. ಹಾಗಾಗಿ ನನ್ನ ಯೋಜನೆಯಲ್ಲಿ ಚಿಪ್ಪು ಅಣಬೆಗೆ 39 ವಾರವೇ. ತುಂಬುವ ತಿಂಗಳೂ ಕೊಯ್ಯುವ ತಿಂಗಳೂ ಬೇರೆ ಅನ್ನುವುದು ಇಲ್ಲಿ ಮುಖ್ಯ. ಫೆಬ್ರುವರಿ ಮಧ್ಯದಲ್ಲಿ ತುಂಬಿದ್ದು ಮಾರ್ಚ್ ಬಿಸಿಲಿಗೆ ಬಾಯಿ ಬಿಡುತ್ತದೆ. ಜನವರಿ ಕೊನೆಗೆ ತುಂಬುವುದು ನಿಲ್ಲಿಸಿ, ಮೇ ಮೊದಲ ವಾರ ಮತ್ತೆ ಶುರು ಮಾಡಿದರೆ ಮೊದಲ ಕೊಯ್ಲು ಜೂನ್‌ನ ಮೋಡಕ್ಕೆ ಸಿಗುತ್ತದೆ. ಮೊಗ್ಗು ಒಡೆಯುವಷ್ಟು ತಂಪು ಬೂಸು ಹರಡಲು ಬೇಕಿಲ್ಲ, ಆದ್ದರಿಂದ ಮೇ ತಿಂಗಳನ್ನು ತೆಂಗಿನ ಗರಿಯ ಸೂರಿನಡಿ ಹೇಗೋ ದಾಟಿಸಬಹುದು.

ನಡುವಿನ ಬೇಸಿಗೆಗೆ ಹಾಲು ಅಣಬೆ ಒಗ್ಗುತ್ತದೆ, ಅದಕ್ಕೆ 30ರಿಂದ 35 ಡಿಗ್ರಿಯೇ ಬೇಕು, ಕೊಯ್ದ ಮೇಲೆ ಹೆಚ್ಚು ದಿನ ತಾಳುತ್ತದೆ ಕೂಡ. ಆದರೆ ಬೂಸು ತುಂಬಿದ ಮೇಲೆ ಚೀಲದ ಮೇಲೆ ಬೇಯಿಸಿದ ಮಣ್ಣು ಹೊದಿಸಬೇಕು, ಆ ಮಣ್ಣಿನ ತೇವ ಕಾಯಬೇಕು. ಕೈ ಪಳಗುವವರೆಗೆ ಅದರ ಆದಾಯವನ್ನು ಯೋಜನೆಯಲ್ಲಿ ಸೊನ್ನೆ ಅಂತಲೇ ಬರೆಯುತ್ತೇನೆ. ಶ್ರಾವಣದ ಬೇಡಿಕೆಗೂ ಅದೇ ನಿಯಮ. ಮಾಂಸ ಬಿಟ್ಟವರಲ್ಲಿ ಕೆಲವರು ಅಣಬೆ ಹುಡುಕಿಕೊಂಡು ಬರುತ್ತಾರೆ, ಕೆಲವರು ಅಣಬೆಯನ್ನೂ ಮಾಂಸದ ಸಾಲಿಗೆ ಸೇರಿಸಿ ಬಿಟ್ಟುಬಿಡುತ್ತಾರೆ.

39 ವಾರದ ಲೆಕ್ಕ: 863 ಕೆಜಿ, 1,55,340 ರೂಪಾಯಿ. ಚೀಲಗಳಿಗೆ 53,040, ಆಳಿಗೆ 39,000, ಪ್ಯಾಕಿಂಗಿಗೆ ಸುಮಾರು 10,800, ಕರೆಂಟಿಗೆ 9,000, ಪೆಟ್ರೋಲಿಗೆ 9,500. ಉಳಿಯುವುದು 34,000. ಶೇಡ್ ನೆಟ್, ಸೂರು, ಡ್ರಮ್ಮು, ಫಾಗರ್ ಸೇರಿ 1,20,000 ಹಾಕಿದ ಶೆಡ್ಡನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 24,000. ಕೊನೆಗೆ ಕೈಯಲ್ಲಿ ಹತ್ತು ಸಾವಿರ, ಮನೆಯವರ ದುಡಿಮೆಗೆ ಕೂಲಿ ಹಾಕದೆ. ಈ ಗಾತ್ರದಲ್ಲಿ ಇದು ಕಲಿಕೆಯ ವರ್ಷ, ಸಂಸಾರ ಸಾಗಿಸುವ ದಂಧೆ ಅಲ್ಲ ಅಂತ ಮೊದಲೇ ಗೊತ್ತಿರಬೇಕು. ಲಾಭ ಕಾಣುವುದು ಅದೇ ಆಳು ದಿನಕ್ಕೆ 20ರ ಬದಲು 40 ಚೀಲ ತುಂಬಿದಾಗ. ಹೆಚ್ಚುವರಿ ಪ್ರತಿ ಚೀಲಕ್ಕೆ ಸರಾಸರಿ 550 ಗ್ರಾಂ ಮಾರಾಟ, ಪ್ಯಾಕಿಂಗ್ ಕಳೆದು 92 ರೂಪಾಯಿ, ಅದರಲ್ಲಿ 34 ಖರ್ಚು, 58 ಉಳಿಕೆ. 1560 ಚೀಲಕ್ಕೆ 90,000. ಶೆಡ್ಡೂ ಅಷ್ಟೇ ದೊಡ್ಡದಾಗಬೇಕು, ಅದರ 24,000 ಕಳೆಯಿರಿ. ಆದರೆ ವಾರಕ್ಕೆ 22 ಕೆಜಿಯನ್ನೇ ತಿಣುಕಿ ಮಾರುವವನು 44 ಕೆಜಿಯನ್ನು ಎಲ್ಲಿ ಇಡುತ್ತಾನೆ? ಹೊರಗಿಟ್ಟರೆ ಒಂದು ದಿನ, ಫ್ರಿಜ್ಜಿನಲ್ಲಿ ಎರಡು ಮೂರು ದಿನ, ಅಷ್ಟೇ ಇದರ ಆಯಸ್ಸು. ಒಣಗಿಸಿದರೆ ಹತ್ತು ಕೆಜಿ ಒಂದು ಕೆಜಿಯಾಗುತ್ತದೆ, ಆ ಒಂದು ಕೆಜಿಗೆ 1800ಕ್ಕಿಂತ ಹೆಚ್ಚು ಕೊಡುವ ಗಿರಾಕಿ ಇದ್ದರೆ ಮಾತ್ರ ಒಣಗಿಸಬೇಕು.

ಎಲ್ಲರೂ ಹೆದರುವುದು ಚೀಲ ಕೆಡಿಸುವ ಹಸಿರು ಬೂಸಿಗೆ. ಲೆಕ್ಕ ಬೇರೆ ಹೇಳುತ್ತದೆ. ಮಳೆಗಾಲದಲ್ಲಿ ಕೆಟ್ಟ ಚೀಲ ನೂರಕ್ಕೆ 8ರಿಂದ 15ಕ್ಕೆ ಏರಿದರೂ 22 ವಾರದಲ್ಲಿ ಕಳೆದುಕೊಳ್ಳುವುದು ಸುಮಾರು 39 ಕೆಜಿ, ಏಳು ಸಾವಿರ ರೂಪಾಯಿ. ಸರಾಸರಿ ಬೆಲೆ ಕೆಜಿಗೆ 20 ರೂಪಾಯಿ ಇಳಿದರೆ ಹೋಗುವುದು 17,000. ಹಾಗಂತ ಹಸಿರು ಚೀಲವನ್ನು ಅಲ್ಲೇ ಬಿಡುವಂತಿಲ್ಲ. ಕಂಡ ದಿನವೇ, ಬಾಯಿ ಬಿಚ್ಚದೆ, ಹೊರಗೆ ಒಯ್ದು ಹೂಳಬೇಕು. ಕಪ್ಪು ಮಸಿ ಸುರಿಸುವ ತೆಳ್ಳನೆಯ ಕಾಡು ಅಣಬೆ ಎದ್ದರೆ ತಪ್ಪು ಬೀಜದ್ದಲ್ಲ, ಹುಲ್ಲು ಸರಿಯಾಗಿ ಬೆಂದಿಲ್ಲ ಅಥವಾ ಮಳೆಯಲ್ಲಿ ನೆಂದು ಹಳಸಿದ್ದು. ತೊಟ್ಟು ಉದ್ದ, ಕೊಡೆ ಗುಂಡಿಯಷ್ಟು ಚಿಕ್ಕದಾದರೆ ಗಾಳಿ ಸಾಲದು. ಇಲ್ಲಿ ನೀರು ಹೆಚ್ಚು ಹೊಡೆಯುವುದು ಸಾಮಾನ್ಯ ತಪ್ಪು, ಕಿಟಕಿ ತೆರೆಯುವುದು ಮದ್ದು.

ಜುಲೈ, ಆಗಸ್ಟ್‌ನಲ್ಲಿ ಮೂರನೇ ಕೊಯ್ಲಿಗೆ ಕಾಯುವುದನ್ನು ನಾನು ಬಿಟ್ಟಿದ್ದೇನೆ. 100 ಗ್ರಾಂ ಅಂದರೆ ಚೀಲಕ್ಕೆ 15 ರೂಪಾಯಿ. ಅದಕ್ಕಾಗಿ ಹತ್ತು ದಿನ ಜಾಗ ಹಿಡಿದ ಹಳೇ ಚೀಲದಲ್ಲೇ ಸಣ್ಣ ಕಪ್ಪು ನೊಣ ಮರಿ ಹಾಕುತ್ತದೆ, ಮರಿ ಹುಳ ಪಕ್ಕದ ಹೊಸ ಚೀಲದ ತೊಟ್ಟು ಕೊರೆಯುತ್ತದೆ. ಆ ಎರಡು ತಿಂಗಳು ಚೀಲಕ್ಕೆ 600 ಗ್ರಾಂ ಅಂತ ಬರೆದುಕೊಂಡರೆ ವರ್ಷಕ್ಕೆ 30 ಕೆಜಿಯಷ್ಟು ಕಡಿಮೆಯಾಗುತ್ತದೆ, ಸೆಪ್ಟೆಂಬರ್‌ನ ಬೆಳೆ ಉಳಿಯುತ್ತದೆ.

ದುಡ್ಡು ಹೊರಡುವ ತಿಂಗಳನ್ನೂ ಬರೆದಿಡಿ. ಹುಲ್ಲು ಕೊಳ್ಳುವುದು ಬತ್ತದ ಒಕ್ಕಣೆ ಮುಗಿದ ಜನವರಿಯಲ್ಲಿ, ಕಂತೆ ಎಣಿಸಿ ಅಲ್ಲ, ತೂಗಿಸಿ. 1700 ಕೆಜಿಗೆ 17,000 ರೂಪಾಯಿ ಒಮ್ಮೆಗೇ ಹೋಗುತ್ತದೆ. ಮೇ ತಿಂಗಳಲ್ಲಿ ಮೊದಲ ಕೊಯ್ಲಿನ ತನಕ ನಾಲ್ಕು ವಾರ ಬೀಜ, ಚೀಲ, ಸೌದೆ, ಆಳು ಅಂತ ಇನ್ನೂ ಎಂಟು ಸಾವಿರ. ಈ 25,000 ಶೆಡ್ಡಿನ ಖರ್ಚಿನ ಹೊರಗೆ ಬೇರೆ ಇರಬೇಕು. ಇಲ್ಲದವರು ಜುಲೈನಲ್ಲಿ ನೆಂದ ಹುಲ್ಲನ್ನು ಸಾಲಕ್ಕೆ ತಂದು ತುಂಬುತ್ತಾರೆ, ಕಪ್ಪು ಮಸಿಯ ಅಣಬೆ ಎದ್ದಾಗ ಬೀಜ ಕೊಟ್ಟವರನ್ನು ಬೈಯುತ್ತಾರೆ.