ಕ್ಯಾರಂ ನಿಯಮಗಳನ್ನು ಒಂದು ಪುಟಕ್ಕೆ ಇಳಿಸಿದ್ದು: ನನ್ನ ಅನುಭವ

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಗಣೇಶೋತ್ಸವದ ಕ್ಯಾರಂ ಪಂದ್ಯಗಳನ್ನು ನಡೆಸುವ ಹೊಣೆ ನನ್ನದು. ತಕರಾರು ಬಂದರೆ ಅದು ಬಹುತೇಕ ರಾಣಿಯ ವಿಷಯದಲ್ಲಿಯೇ. ನಮ್ಮಲ್ಲಿದ್ದ ನಿಯಮಗಳ ಪ್ರತಿಯಲ್ಲಿ ರಾಣಿಯ ಬಗ್ಗೆ ಉದ್ದನೆಯ ಒಂದು ಪ್ಯಾರಾ ಇತ್ತು. ಬೇಕಾದ ಉತ್ತರ ಅದರಲ್ಲಿತ್ತು, ಆದರೆ ಆಟದ ನಡುವೆ ಅದನ್ನು ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲ.

ಆ ಪ್ಯಾರಾವನ್ನು ಚಿಕ್ಕದು ಮಾಡುವ ಗೋಜಿಗೆ ನಾನು ಹೋಗಲಿಲ್ಲ. ಒಂದು ನಿಯಮಕ್ಕೆ ಒಂದು ಚೀಟಿಯಂತೆ ಕತ್ತರಿಸಿ, ಪ್ರತಿ ಚೀಟಿಯ ಹಿಂದೆ ‘ಈ ಪ್ರಶ್ನೆ ಯಾವಾಗ ಏಳುತ್ತದೆ?’ ಎಂಬುದಕ್ಕೆ ಉತ್ತರ ಬರೆದೆ. ಕಾಯಿನ್ ಜೋಡಿಸುವಾಗ, ಸ್ಟ್ರೈಕರ್ ಹೊಡೆಯುವಾಗ, ಬೋರ್ಡ್ ಮುಗಿದ ಮೇಲೆ: ಹೀಗೆ ಮೂರೇ ಗುಂಪುಗಳಾದವು. ರಾಣಿಯ ಪ್ಯಾರಾ ಮೂರೂ ಕಡೆ ಹಂಚಿಹೋಯಿತು. ಪುಸ್ತಕ ವಿಷಯವಾರು ಬರೆದಿರುತ್ತದೆ, ಆಡುವವರಿಗೆ ಬೇಕಾದದ್ದು ಸಮಯವಾರು.

ಜೋಡಣೆಗೆ ಮಾತು ಬೇಕಾಗಲಿಲ್ಲ. ನಡುವೆ ರಾಣಿ, ಸುತ್ತ ಒಂಬತ್ತು ಬಿಳಿ, ಒಂಬತ್ತು ಕಪ್ಪು ಕಾಯಿನ್‌ಗಳಿರುವ ಚಿತ್ರವನ್ನೇ ಬರೆದು, ಕೆಳಗೆ ‘ಬಿಳಿಯವರು ಮೊದಲು’ ಎಂದಷ್ಟೇ ಹಾಕಿದೆ. ಅರ್ಧ ಪುಟವನ್ನು ಸರದಿಗೇ ಬಿಟ್ಟೆ. ಅಲ್ಲಿನ ಸಾಲುಗಳೆಲ್ಲ ಕಣ್ಣಿಗೆ ಕಾಣುವ ಘಟನೆಯಿಂದ ಶುರುವಾಗುತ್ತವೆ:

‘ನಿಮ್ಮ ಕಾಯಿನ್ ಬಿತ್ತು: ಮತ್ತೆ ಹೊಡೆಯಿರಿ.
ಸ್ಟ್ರೈಕರ್ ಮಾತ್ರ ಬಿತ್ತು: ನಿಮ್ಮ ಒಂದು ಕಾಯಿನ್ ವಾಪಸ್, ಸರದಿ ಮುಗಿಯಿತು.
ರಾಣಿ ಬಿತ್ತು: ಮುಂದಿನ ಹೊಡೆತದಲ್ಲೇ ನಿಮ್ಮ ಕಾಯಿನ್ ಹಾಕಿ ಕವರ್ ಮಾಡಿ. ಆಗದಿದ್ದರೆ ರಾಣಿ ನಡುವಿಗೆ ವಾಪಸ್, ಸರದಿ ಮುಗಿಯಿತು.’

ರಾಣಿಗೆ ಕೈ ಹಾಕುವ ಮೊದಲು ತನ್ನದೊಂದು ಕಾಯಿನ್ ಬಿದ್ದಿರಬೇಕು ಎಂಬುದನ್ನು ಈ ಸಾಲುಗಳ ಮೇಲೆ ದಪ್ಪ ಅಕ್ಷರದಲ್ಲಿ ಇಟ್ಟೆ.

ಹೆಚ್ಚು ಯೋಚಿಸಬೇಕಾದದ್ದು ಅಂಕಗಳ ಭಾಗಕ್ಕೆ. ಗೆದ್ದವರಿಗೆ ಎದುರಾಳಿಯ ಉಳಿದ ಕಾಯಿನ್‌ಗಳಷ್ಟು ಅಂಕ. ರಾಣಿಯನ್ನು ಕವರ್ ಮಾಡಿದ್ದೂ ಅವರೇ ಆದರೆ ಇನ್ನೂ 3. ಸೋತವರು ಕವರ್ ಮಾಡಿದ್ದರೆ ಆ 3 ಯಾರಿಗೂ ಇಲ್ಲ. ‘21 ಅಂಕದವರೆಗೆ ರಾಣಿಗೆ 3’ ಎಂದು ಬರೆದ ಕರಡನ್ನು ಆಟ ಗೊತ್ತಿಲ್ಲದ ಪಕ್ಕದ ಮನೆಯ ಹುಡುಗರ ಕೈಗೆ ಕೊಟ್ಟು, ನಾನು ಬಾಯಿ ಬಿಡದೆ ಕುಳಿತೆ. ಓದುತ್ತಿದ್ದ ಬೆರಳು ನಿಂತದ್ದು ಅಲ್ಲಿಯೇ: 21 ಸೇರಿಯೋ, ಬಿಟ್ಟೋ? ಈ ಬೋರ್ಡಿನ ಅಂಕ ಕೂಡಿಸಿದ ಮೇಲೋ, ಮೊದಲೋ? ವಿವರಣೆ ಉದ್ದವಾದಷ್ಟೂ ಗೊಂದಲ ಹೆಚ್ಚುತ್ತದೆ. ಅದಕ್ಕೇ ಲೆಕ್ಕವನ್ನೇ ಅಚ್ಚು ಮಾಡಿಸಿದೆ:

‘ಎದುರಾಳಿಯ 2 ಕಾಯಿನ್ ಉಳಿದಿವೆ, ರಾಣಿ ನಿಮ್ಮದು.
ಬೋರ್ಡಿಗೆ ಮುಂಚೆ 21 ಇದ್ದರೆ: 21 + 2 + 3 = 26, ಗೆಲುವು.
ಬೋರ್ಡಿಗೆ ಮುಂಚೆ 22 ಇದ್ದರೆ: 22 + 2 = 24, ಆಟ ಬಾಕಿ.’

25 ತಲುಪಿದವರು ಅಥವಾ ಎಂಟು ಬೋರ್ಡ್ ಮುಗಿದಾಗ ಮುಂದಿರುವವರು ಗೆದ್ದಂತೆ ಎಂಬ ಸಾಲು ಇದರ ಕೆಳಗಿದೆ.

ಕಾಯಿನ್ ಬೋರ್ಡಿನಿಂದ ಹೊರಗೆ ಹಾರುವುದು, ಸ್ಟ್ರೈಕರ್ ಜೊತೆ ಕಾಯಿನ್ ಬೀಳುವುದು, ಕೂರುವ ಭಂಗಿ, ಇವನ್ನೆಲ್ಲ ಈ ಪುಟಕ್ಕೆ ಸೇರಿಸಲಿಲ್ಲ. ಅಂಥ ಸಂದರ್ಭದಲ್ಲಿ ತೀರ್ಪುಗಾರರನ್ನು ಕರೆಯಿರಿ ಎಂದು ತಳದಲ್ಲಿ ಬರೆದಿದೆ. ಪೂರ್ತಿ ಪ್ರತಿ ಅವರ ಮೇಜಿನ ಮೇಲಿರುತ್ತದೆ.