ಮುರಿದ ಕೊಡೆಯ ಕಥೆ: ಪ್ರಾರ್ಥನೆ ಹೊತ್ತಿನ ಆರು ನಿಮಿಷದ ಮಾತನ್ನು ನಾನು ಕಟ್ಟಿದ ಬಗೆ

ಪ್ರಾಮಾಣಿಕತೆ ಮತ್ತು ದಯೆ ಬಗ್ಗೆ ಪ್ರಾರ್ಥನೆಯಲ್ಲಿ ನೀವು ಮಾತಾಡಿ ಎಂದು ಹೆಡ್ಮಾಸ್ಟರ್ ಹೇಳಿದಾಗ ಜುಲೈ ಮಳೆ ಜೋರಾಗಿತ್ತು. ನಮ್ಮದು ಹೊಸನಗರ ತಾಲ್ಲೂಕಿನ ಸರ್ಕಾರಿ ಶಾಲೆ. ಆರರಿಂದ ಹತ್ತನೇ ತರಗತಿವರೆಗಿನ ಮಕ್ಕಳು. ಮನೆಯಲ್ಲಿ ಕನ್ನಡ ಮಾತಾಡುವವರ ಜೊತೆ ಉರ್ದು, ಬ್ಯಾರಿ, ಕೊಂಕಣಿ, ಮಲಯಾಳ ಮಾತಾಡುವವರೂ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ ಮಕ್ಕಳು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮಳೆಗಾಲದಲ್ಲಿ ಆ ಸಾಲು ಅಂಗಳದಲ್ಲಿ ಅಲ್ಲ, ಜಗಲಿಯಲ್ಲಿ.

ನಾಡಗೀತೆ, ಸುದ್ದಿ, ರಾಷ್ಟ್ರಗೀತೆ ಎಲ್ಲ ಮುಗಿಸಿ ಮಾತಿಗೆ ಉಳಿಯುವುದು ಆರು ನಿಮಿಷ. ಮಕ್ಕಳು ನಿಂತೇ ಇರುತ್ತಾರೆ, ಮೇಲೆ ತಗಡಿನ ಶೀಟಿಗೆ ಮಳೆ ಬಡಿಯುತ್ತಿರುತ್ತದೆ. ನಿಧಾನವಾಗಿ, ಬಿಡಿಸಿ ಮಾತಾಡಿದರೆ ನನಗೆ ಒಂದು ನಿಮಿಷಕ್ಕೆ ನೂರು ಪದದ ಹತ್ತಿರ ಬರುತ್ತದೆ. ಅಂದರೆ ಆರುನೂರು ಪದಕ್ಕಿಂತ ಜಾಸ್ತಿ ಬರೆದುಕೊಂಡು ಹೋಗಿ ಉಪಯೋಗವಿಲ್ಲ. ಒಂದು ಕಥೆ, ಒಂದು ಪ್ರಶ್ನೆ. ಅಷ್ಟೇ ಹಿಡಿಯುತ್ತದೆ.

ಇಂಥ ಕಡೆ ಸಾಮಾನ್ಯವಾಗಿ ಮಾಡುವುದು ಏನು? ಗೀತೆಯಿಂದ ಒಂದು ಸಾಲು, ಕುರಾನಿನಿಂದ ಒಂದು, ಬೈಬಲ್ಲಿನಿಂದ ಒಂದು. ಎಲ್ಲ ಧರ್ಮವೂ ಇದನ್ನೇ ಹೇಳುತ್ತದೆ ಎಂದು ಮುಗಿಸುವುದು. ಉದ್ದೇಶ ಒಳ್ಳೆಯದೇ. ಆದರೆ ಸಾಲಿನಲ್ಲಿ ನಿಂತ ಮಗುವಿಗೆ ಅದು ಹೇಗೆ ಕೇಳಿಸುತ್ತದೆ ನೋಡಿ. 'ನಮ್ಮ ಮುಸ್ಲಿಂ ಗೆಳೆಯರ ಧರ್ಮದಲ್ಲಿ' ಎಂದ ಕೂಡಲೇ ಅಕ್ಕಪಕ್ಕದ ತಲೆಗಳು ಆ ನಾಲ್ಕು ಮಕ್ಕಳ ಕಡೆ ತಿರುಗುತ್ತವೆ. ಪಟ್ಟಿಯಲ್ಲಿ ಹೆಸರು ಬಾರದ ಜೈನ ಹುಡುಗಿ ತಾನು ಲೆಕ್ಕಕ್ಕಿಲ್ಲ ಅಂದುಕೊಳ್ಳುತ್ತಾಳೆ. ಯಾವುದು ಮೊದಲು ಬಂತು, ಯಾವುದಕ್ಕೆ ಜಾಸ್ತಿ ಹೊತ್ತು ಸಿಕ್ಕಿತು ಎಂದು ಹತ್ತನೇ ಕ್ಲಾಸಿನವರು ಲೆಕ್ಕ ಹಾಕುತ್ತಾರೆ. ಕೊನೆಗೆ ನೆನಪಲ್ಲಿ ಉಳಿಯುವುದು ಧರ್ಮಗಳ ಹೆಸರು, ಪ್ರಾಮಾಣಿಕತೆ ಅಲ್ಲ. ಸಂವಿಧಾನದ 28ನೇ ವಿಧಿ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ ಎಂಬುದೂ ನನ್ನ ಮನಸ್ಸಿನಲ್ಲಿತ್ತು. ಹಾಗಾಗಿ ಯಾವ ಧರ್ಮಕ್ಕೂ ಸೇರದ, ಎಲ್ಲ ಮಕ್ಕಳ ಕೈಯಲ್ಲೂ ಇರುವ ಒಂದು ವಸ್ತು ಬೇಕಿತ್ತು. ಮಲೆನಾಡಿನ ಜುಲೈಯಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಜಗಲಿಯ ಕಿಟಕಿ ಸರಳುಗಳಿಗೆ ಸಾಲಾಗಿ ನೇತುಹಾಕಿದ ಕೊಡೆಗಳು, ಬಹಳಷ್ಟು ಕಪ್ಪು ಬಣ್ಣದವು, ಒಂದರಂತೆ ಒಂದು.

ಕಥೆ ಹೇಗಿರಬೇಕು ಎನ್ನುವುದಕ್ಕೆ ನನಗೆ ದಾರಿ ತೋರಿಸಿದ್ದು ಒಂದು ಅಧ್ಯಯನ. ಕೆನಡಾದ ಕಾಂಗ್ ಲೀ, ವಿಕ್ಟೋರಿಯಾ ತಲ್ವಾರ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ್ದು. 3ರಿಂದ 7 ವರ್ಷದ ಮಕ್ಕಳ ಬೆನ್ನ ಹಿಂದೆ ಒಂದು ಆಟಿಕೆ ಇಟ್ಟು, ತಿರುಗಿ ನೋಡಬೇಡ ಎಂದು ಹೇಳಿ ದೊಡ್ಡವರು ಹೊರಗೆ ಹೋದರು. ವಾಪಸ್ ಬಂದು ಒಂದು ಕಥೆ ಓದಿದರು. ಆಮೇಲೆ 'ನೋಡಿದೆಯಾ?' ಎಂದು ಕೇಳಿದರು. 'ತೋಳ ಬಂತು ತೋಳ' ಕಥೆಯಾಗಲಿ, ಸುಳ್ಳು ಹೇಳಿದಾಗ ಮೂಗು ಬೆಳೆಯುವ ಗೊಂಬೆಯ ಕಥೆಯಾಗಲಿ ಮಕ್ಕಳನ್ನು ನಿಜದ ಕಡೆ ತರಲಿಲ್ಲ. ಮರ ಕಡಿದದ್ದನ್ನು ಒಪ್ಪಿಕೊಂಡ ಬಾಲಕ ಜಾರ್ಜ್ ವಾಷಿಂಗ್ಟನ್‌ನನ್ನು ಅಪ್ಪ ಮೆಚ್ಚಿಕೊಂಡ ಕಥೆ ಕೇಳಿದವರಲ್ಲಿ ಹೆಚ್ಚು ಮಕ್ಕಳು ನಿಜ ಹೇಳಿದರು. ಅದೇ ಕಥೆಯ ಕೊನೆಯನ್ನು ಕೆಟ್ಟದ್ದಾಗಿ ಬದಲಿಸಿದಾಗ ಆ ಪರಿಣಾಮ ಹೋಯಿತು.

ನಮ್ಮ ಮಕ್ಕಳು ದೊಡ್ಡವರು. ಆ ಫಲಿತಾಂಶವನ್ನು ಹಾಗೇ ಎತ್ತಿ ಇಲ್ಲಿಗೆ ಹಾಕಲಾಗುವುದಿಲ್ಲ. ಆದರೂ ಅದರಿಂದ ನನಗೊಂದು ವಿಷಯ ಸ್ಪಷ್ಟವಾಯಿತು. ಸುಳ್ಳಿಗೆ ಶಿಕ್ಷೆಯಾಗುವ ಕಥೆ ಮಕ್ಕಳಿಗೆ ಕಲಿಸುವುದು ಸಿಕ್ಕಿಬೀಳಬಾರದು ಎನ್ನುವುದನ್ನು. ನಿಜ ಹೇಳಿದವರಿಗೆ ಮುಂದೆ ಏನಾಗುತ್ತದೆ ಎನ್ನುವುದು ಕೇಳಿಸಿಕೊಳ್ಳುವವರ ಕೈಯಲ್ಲಿದೆ. ದಯೆ ಬರಬೇಕಾದ್ದು ಅಲ್ಲಿಯೇ. ಪ್ರಾಮಾಣಿಕತೆಗೆ ಮೂರು ನಿಮಿಷ, ದಯೆಗೆ ಮೂರು ನಿಮಿಷ ಎಂದು ಹಂಚುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಒಬ್ಬಳು ಇನ್ನೊಬ್ಬಳ ಕೊಡೆ ಮುರಿದು, ಆಮೇಲೆ ಅದನ್ನು ಒಪ್ಪಿಕೊಳ್ಳುವ ಕಥೆ ಎಂದು ತೀರ್ಮಾನಿಸಿದೆ. ಮುಂದಿನ ತೊಡಕು ಹೆಸರುಗಳದ್ದು. ನಮ್ಮಲ್ಲಿ ಹೆಸರು ಹೇಳಿದರೆ ಧರ್ಮ ತಿಳಿಯುತ್ತದೆ, ಎಷ್ಟೋ ಸಲ ಜಾತಿಯೂ ತಿಳಿಯುತ್ತದೆ. ಕೊಡೆ ಮುರಿದವಳಿಗೆ ಒಂದು ಧರ್ಮದ ಹೆಸರು, ಕ್ಷಮಿಸಿದವಳಿಗೆ ಇನ್ನೊಂದು ಧರ್ಮದ ಹೆಸರು ಕೊಟ್ಟರೆ ಅದು ಸೌಹಾರ್ದದ ಕಥೆ ಆಗುವುದಿಲ್ಲ, ತೀರ್ಪು ಆಗುತ್ತದೆ. ಹೆಸರನ್ನೇ ಬಿಟ್ಟುಬಿಟ್ಟೆ. ಒಬ್ಬಳು ಒಂಬತ್ತನೇ ಕ್ಲಾಸಿನವಳು, ಇನ್ನೊಬ್ಬಳು ಆರನೇ ಕ್ಲಾಸಿನವಳು. ಇದೇ ಕಣ್ಣಿನಿಂದ ಬರೆದದ್ದನ್ನೆಲ್ಲ ಇನ್ನೊಮ್ಮೆ ಜಾಲಾಡಿದೆ. 'ದೇವರು ನೋಡ್ತಾ ಇರ್ತಾನೆ', 'ಪಾಪ ಬರುತ್ತೆ', 'ನಮ್ಮ ಪುರಾಣದಲ್ಲಿ' ಇಂಥವು ಗೊತ್ತಿಲ್ಲದೆಯೇ ನುಸುಳುತ್ತವೆ. ಬಡ ಮನೆಯ ಹುಡುಗಿ ಎಂಬ ಮಾತನ್ನೂ ಇಡಲಿಲ್ಲ. ಬಡವರ ಪ್ರಾಮಾಣಿಕತೆಯನ್ನು ಆಶ್ಚರ್ಯ ಎಂಬಂತೆ ಹೇಳುವ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಸಾಲಿನಲ್ಲಿ ನಿಂತ ಬಡ ಮಗುವಿಗೆ ಅದು ಚುಚ್ಚುತ್ತದೆ.

ಆ ದಿನ ಹೇಳಿದ್ದರ ಮುಖ್ಯ ಭಾಗ ಇದು:

"ಒಂದು ಕಥೆ ಹೇಳ್ತೀನಿ. ಇದು ನಾನೇ ಕಟ್ಟಿದ್ದು, ಯಾರು ಅಂತ ಹುಡುಕಬೇಡಿ. ಒಂದು ಶಾಲೆ. ಜೋರು ಮಳೆ. ಒಂಬತ್ತನೇ ಕ್ಲಾಸಿನ ಒಬ್ಬಳು ಊಟದ ತಟ್ಟೆ ತೊಳೆಯೋಕೆ ನಲ್ಲಿ ಹತ್ರ ಹೋಗಬೇಕು. ಅವಳ ಕೊಡೆ ಕ್ಲಾಸಿನ ಒಳಗಿದೆ. ಕೈಗೆ ಸಿಕ್ಕಿದ ಕೊಡೆ ತಗೊಂಡು ಹೋದಳು. ಗಾಳಿ ಬೀಸ್ತು, ಕೊಡೆ ಮೇಲಕ್ಕೆ ಮಗುಚಿಕೊಳ್ತು. ಬಿಡಿಸಿ ಸರಿ ಮಾಡುವಾಗ ಒಂದು ಕಡ್ಡಿ ಟಕ್ ಅಂತ ಮುರೀತು. ಅವಳು ಅದನ್ನ ಮಡಚಿ, ಮೊದಲಿದ್ದ ಸರಳಿಗೇ ಸಿಕ್ಕಿಸಿದಳು. ಯಾರೂ ನೋಡಲಿಲ್ಲ.

"ಸಂಜೆ ಆರನೇ ಕ್ಲಾಸಿನವಳು ಕೊಡೆ ಬಿಡಿಸಿದಳು. ಒಂದು ಪಕ್ಕ ಜೋತುಬಿದ್ದಿದೆ. ಬಸ್ಸಿಳಿದು ಗದ್ದೆ ಬದುವಿನ ಮೇಲೆ ನಡೆದು ಮನೆ ಸೇರುವಷ್ಟರಲ್ಲಿ ಚೀಲ ಒದ್ದೆ, ಪುಸ್ತಕ ಒದ್ದೆ. ಮನೆಯಲ್ಲಿ ಕೇಳಿದ್ರು: ಹೊಸ ಕೊಡೆ, ಹೇಗೆ ಮುರಿದೆ? ನಾನಲ್ಲ ಅಂದಳು. ಯಾರೂ ನಂಬಲಿಲ್ಲ.

"ಮಾರನೇ ದಿನ ದೊಡ್ಡವಳು ಬಂದು ಹೇಳಿದಳು: ನಿನ್ನ ಕೊಡೆ ಮುರಿದಿದ್ದು ನಾನು. ಚಿಕ್ಕವಳಿಗೆ ಸಿಟ್ಟು ಬಂತು. ನಿನ್ನಿಂದ ನಾನು ಬೈಸಿಕೊಂಡೆ ಅಂದಳು. ಮುಖ ತಿರುಗಿಸಿದಳು. ದೊಡ್ಡವಳು ಅಲ್ಲೇ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕವಳೇ ಕೇಳಿದಳು: ಮತ್ತೆ ಯಾಕೆ ಹೇಳಿದೆ? ಯಾರಿಗೂ ಗೊತ್ತಿರಲಿಲ್ವಲ್ಲ? ದೊಡ್ಡವಳು, ನೀನು ಒದ್ದೆಯಾಗಿ ಹೋಗ್ತಿದ್ದದ್ದು ಬಸ್ಸಿನಿಂದ ನೋಡಿದೆ, ಅಂದಳು. ಅವತ್ತು ಇಬ್ಬರೂ ಪೇಟೆಯಲ್ಲಿ ಕೊಡೆ ರಿಪೇರಿಯವರ ಹತ್ರ ಹೋದರು. ದುಡ್ಡು ದೊಡ್ಡವಳು ಕೊಟ್ಟಳು. ಆಮೇಲೆ ಚಿಕ್ಕವಳ ಮನೆಗೂ ಹೋಗಿ ಹೇಳಿದಳು."

ಕಥೆಯಲ್ಲಿ ಸಿಟ್ಟನ್ನು ಬೇಕೆಂದೇ ಇಟ್ಟೆ. ತಪ್ಪೊಪ್ಪಿದ ಕೂಡಲೇ 'ಪರವಾಗಿಲ್ಲ' ಎಂದುಬಿಡುವ ಹುಡುಗಿಯನ್ನು ತಂದಿದ್ದರೆ, ನಷ್ಟವಾದವರು ನಗಬೇಕು ಎಂಬ ಹೊರೆ ಚಿಕ್ಕವರ ಮೇಲೆ ಬೀಳುತ್ತಿತ್ತು. ಸಿಟ್ಟು ಬಂದರೂ ಅವಮಾನ ಮಾಡದೇ ಇರುವುದು, ಯಾಕೆ ಎಂದು ಕೇಳುವುದು, ಅಷ್ಟು ದಯೆ ಹನ್ನೊಂದು ವರ್ಷದ ಮಗುವಿಗೆ ಸಾಧ್ಯ. ಹಾಗೆಯೇ ದೊಡ್ಡವಳ ಮಾತು 'ಕ್ಷಮಿಸು'ವಿನಲ್ಲೇ ನಿಲ್ಲಬಾರದಿತ್ತು. ಕಡ್ಡಿ ಸರಿಯಾಗಬೇಕು, ಮನೆಯಲ್ಲಿ ಹೋದ ನಂಬಿಕೆಯೂ ಸರಿಯಾಗಬೇಕು.

ಕೊನೆಗೆ ಒಂದೇ ಪ್ರಶ್ನೆ ಕೇಳಿದೆ: "ಆ ಚಿಕ್ಕ ಹುಡುಗಿ ನೀವಾಗಿದ್ರೆ ಮೊದಲು ಏನು ಹೇಳ್ತಿದ್ರಿ? ಇಲ್ಲಿ ಉತ್ತರ ಬೇಡ. ಕ್ಲಾಸಿಗೆ ಹೋಗಿ ಮಾತಾಡಿ." ಇಡೀ ಶಾಲೆಯನ್ನು ಒಟ್ಟಿಗೆ ಕೇಳಿದರೆ 'ಹೌದು ಟೀಚರ್' ಎಂಬ ಒಂದೇ ಸ್ವರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ನಿಜವಾದ ಮಾತುಕತೆ ನಡೆದದ್ದು ತರಗತಿಯಲ್ಲೇ. ಎಂಟನೇ ಕ್ಲಾಸಿನ ಹುಡುಗನೊಬ್ಬ ಕೇಳಿದ: "ಟೀಚರ್, ಗೆಳೆಯನ ಚಿತ್ರ ಚೆನ್ನಾಗಿಲ್ಲ ಅಂದ್ರೆ ಅದನ್ನೂ ಹೇಳಬೇಕಾ? ಬೇಜಾರಾಗಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಇಟ್ಟುಕೊಂಡೇ ಹೋಗಬೇಕು. ನಾನು ಹೇಳಿದ್ದು ಇಷ್ಟು: ಹೇಳುವುದು ನಿಜವಾಗಿರಲಿ. ಆದರೆ ಗೊತ್ತಿರುವ ನಿಜವನ್ನೆಲ್ಲ ಹೇಳಲೇಬೇಕೆಂದಿಲ್ಲ. ಅವನು ಕೇಳಿದನಾ? ಹೇಳಿದರೆ ಅವನಿಗೆ ಸರಿಮಾಡಿಕೊಳ್ಳಲು ಆಗುತ್ತದಾ? ಎಲ್ಲರ ಎದುರಿಗೆ ಹೇಳಬೇಕಾ, ಒಬ್ಬನೇ ಇದ್ದಾಗ ಸಾಕಾ? "ಮರದ ಕೊಂಬೆ ಚೆನ್ನಾಗಿ ಬಂದಿದೆ, ಮನುಷ್ಯನ ಕೈ ಇನ್ನೊಮ್ಮೆ ಬಿಡಿಸು" ಎಂದರೆ ಅದರಲ್ಲಿ ಸುಳ್ಳೂ ಇಲ್ಲ, ಗಾಯವೂ ಇಲ್ಲ.

ಇನ್ನೊಂದು ಎಚ್ಚರಿಕೆಯನ್ನು ಎಲ್ಲ ತರಗತಿಯಲ್ಲೂ ಹೇಳಿಸಿದೆವು. ದಯೆ ಅಂದರೆ ಇನ್ನೊಬ್ಬರ ತಪ್ಪನ್ನು ಮುಚ್ಚಿಡುವುದು ಎಂದು ಮಕ್ಕಳು ತಿಳಿಯುವ ಅಪಾಯವಿದೆ. ಯಾರಾದರೂ ಹೊಡೆದರೆ, ಮೈ ಮುಟ್ಟಿದರೆ, ಹೆದರಿಸಿದರೆ ಅದನ್ನು ಗುಟ್ಟಾಗಿ ಇಡುವುದು ದಯೆ ಅಲ್ಲ. ನಂಬುವ ದೊಡ್ಡವರಿಗೆ ಹೇಳಬೇಕು, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. 'ಯಾವತ್ತೂ, ಎಲ್ಲರ ಹತ್ರವೂ ನಿಜವನ್ನೇ ಹೇಳಿ' ಎಂಬ ಮಾತನ್ನು ನಾನು ಆಡಲಿಲ್ಲ. ಮನೆಯಲ್ಲಿ ಪೆಟ್ಟು ತಪ್ಪಿಸಿಕೊಳ್ಳಲು ಸುಳ್ಳು ಹೇಳುವ ಮಗು ಆ ಸಾಲಿನಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಬೇಕಾದ್ದು ಭಾಷಣ ಅಲ್ಲ, ಒಬ್ಬರೇ ಕೂತು ಕೇಳುವ ದೊಡ್ಡವರು.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ತೂಕದ್ದು ಪ್ರಾರ್ಥನೆಯ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಆಡಿದ ಮಾತು. ಇಂಥ ಕಥೆ ಹೇಳಿದ ವಾರದಲ್ಲಿ ಯಾವುದಾದರೂ ಮಗು ಏನಾದರೂ ಒಪ್ಪಿಕೊಳ್ಳಲು ಬರಬಹುದು. ಆಗ ಬೆತ್ತ ಹುಡುಕಿದರೆ ಅಥವಾ 'ಅವತ್ತೇ ಹೇಳೋಕೆ ಏನಾಗಿತ್ತು?' ಎಂದು ಶುರು ಮಾಡಿದರೆ, ಆರು ನಿಮಿಷದ ಮಾತು ಸುಳ್ಳಾಯಿತು ಅಂತಲೇ ಲೆಕ್ಕ. ಹಾಗಾಗಿ ಎಲ್ಲರೂ ಒಂದೇ ಮೊದಲ ವಾಕ್ಯ ಒಪ್ಪಿಕೊಂಡೆವು: "ಹೇಳಿದ್ದು ಒಳ್ಳೆಯದಾಯ್ತು. ಈಗ ಹೇಗೆ ಸರಿ ಮಾಡೋಣ?" ಜೊತೆಗೆ, ಆ ಮಗುವಿನ ಹೆಸರನ್ನು ಮಾರನೇ ದಿನ ಪ್ರಾರ್ಥನೆಯಲ್ಲಿ ಹೊಗಳಲೂಬಾರದು ಎಂದು ತೀರ್ಮಾನಿಸಿದೆವು. ಹೊಗಳಿದರೆ ತಪ್ಪು ಏನು ಎಂಬುದೂ ಊರಿಗೆಲ್ಲ ತಿಳಿಯುತ್ತದೆ.

"ಹಾಗಾದ್ರೆ ಶಿಕ್ಷೆಯೇ ಬೇಡ್ವಾ ಮೇಡಂ?" ಎಂದು ಪಿ.ಟಿ. ಮೇಷ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದದ್ದನ್ನು ಸರಿಮಾಡುವ ಕೆಲಸವನ್ನು ಮಗುವೇ ಮಾಡಬೇಕು, ಅದರಲ್ಲಿ ರಿಯಾಯಿತಿ ಇಲ್ಲ ಎಂದೆ. ಅದಕ್ಕೆ ಅವರು ಒಪ್ಪಿದರು.

ಅದೇ ವಾರ ಆರನೇ ಕ್ಲಾಸಿನ ಒಬ್ಬ ಹುಡುಗ ಅವರ ಹತ್ತಿರವೇ ಹೋಗಿ, ವಾಲಿಬಾಲ್ ಬಲೆ ಹರಿದದ್ದು ತನ್ನಿಂದ ಎಂದ. ಮೇಷ್ಟ್ರು ಅವನಿಗೆ ನೈಲಾನ್ ದಾರ ಕೊಟ್ಟು, ಗಂಟು ಹಾಕುವುದನ್ನು ತೋರಿಸಿ, ಪಕ್ಕದಲ್ಲೇ ಕೂತು ಹೊಲಿಸಿದರು.